ಮಿಷ್ಟಿ ದೋಯ್ ತಡವಾಗಿ ಹೆಪ್ಪುಗಟ್ಟುವುದೇಕೆ?

ನಮ್ಮಲ್ಲಿ ಪ್ರಯಾಣಕ್ಕೋ ಪರೀಕ್ಷೆಗೋ ಹೊರಟವರ ಅಂಗೈಗೆ ಒಂದು ಚಮಚ ಮೊಸರು, ಅದರ ಮೇಲೆ ಚಿಟಿಕೆ ಸಕ್ಕರೆ ಹಾಕಿ ಕಳುಹಿಸುವ ರೂಢಿ ಇದೆ. ಅಲ್ಲಿ ಮೊಸರು ಮೊದಲು ಮೊಸರಾಗಿರುತ್ತದೆ, ಸಕ್ಕರೆ ಆಮೇಲೆ ಬರುತ್ತದೆ. ಬಂಗಾಳದ ಮಿಷ್ಟಿ ದೋಯ್‌ನಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಬತ್ತಿಸಿದ ಹಾಲಿಗೆ ಕಂದುಬಣ್ಣಕ್ಕೆ ಕರಗಿಸಿದ ಸಕ್ಕರೆಯನ್ನು ಮೊದಲೇ ಬೆರೆಸಿ, ಆ ಸಿಹಿಹಾಲಿಗೆ ಹೆಪ್ಪು ಹಾಕಿ, ಮಣ್ಣಿನ ಕುಡಿಕೆಯಲ್ಲೇ ಅದು ಗಟ್ಟಿಯಾಗುವಂತೆ ಬಿಡುತ್ತಾರೆ. ಮೊಸರಾದ ಮೇಲೆ ಸಕ್ಕರೆ ಕಲಸಿದರೆ ಸಿಹಿಯೇನೋ ಬರುತ್ತದೆ, ಆದರೆ ಕಲಸುವಾಗ ಮೊಸರಿನ ಕಟ್ಟು ಒಡೆದು ನೀರು ಬಿಡುತ್ತದೆ. ಚಮಚದಲ್ಲಿ ಕೆತ್ತಿ ತೆಗೆದರೆ ಗುರುತು ಹಾಗೆಯೇ ಉಳಿಯುವಷ್ಟು ಗಟ್ಟಿಯಾದ ಸಿಹಿಮೊಸರು ಬೇಕೆಂದರೆ ಸಕ್ಕರೆ ಮೊದಲೇ ಹಾಲಿನೊಳಗೆ ಇರಲೇಬೇಕು. ಈ ಮೊಸರಿನ ಹೆಚ್ಚಿನ ತೊಂದರೆಗಳು ಹುಟ್ಟುವುದೂ ಅಲ್ಲಿಂದಲೇ.

ನಾನು ಇದನ್ನು ಮೊದಲ ಸಲ ಮಾಡಿದ್ದು ಬೆಂಗಳೂರಿನ ಒಂದು ಡಿಸೆಂಬರ್ ರಾತ್ರಿ. ದಿನವೂ ಮನೆಯಲ್ಲಿ ಮೊಸರು ಮಾಡುವ ಕೈ, ಇದರಲ್ಲೇನು ಹೊಸದು ಎಂಬ ಧೈರ್ಯವಿತ್ತು. ಉಗುರುಬೆಚ್ಚಗಿನ ಸಿಹಿಹಾಲಿಗೆ ಎಂದಿನಂತೆ ಒಂದು ಚಮಚ ಹೆಪ್ಪು ಹಾಕಿ, ಕುಡಿಕೆಗಳನ್ನು ಅಡುಗೆಕಟ್ಟೆಯ ಮೇಲಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಅದು ತುಸು ಮಂದವಾದ ಸಿಹಿಹಾಲಾಗಿಯೇ ಉಳಿದಿತ್ತು. ಹೆಪ್ಪು ಸಾಲದಾಯಿತೆಂದು ಇನ್ನೆರಡು ಚಮಚ ಹಾಕಿ ಕದಡಿ ಬಿಸಿಲಿಗಿಟ್ಟೆ. ಸಂಜೆಗೆ ಮೊಸರಾಯಿತು, ಆದರೆ ತರಿತರಿಯಾಗಿ, ಮೇಲೆ ಒಂದು ಬೆರಳು ನೀರು ನಿಂತು, ಸಿಹಿಯ ಹಿಂದೆಯೇ ಹುಳಿ ಚುರುಕ್ ಎನ್ನುವಂತಿತ್ತು. ಆ ದಿನ ಹೆಪ್ಪಿನ ಮೇಲೆ ತಪ್ಪು ಹೊರಿಸಿದ್ದೆ. ತಪ್ಪು ಹೆಪ್ಪಿನದಾಗಿರಲಿಲ್ಲ ಎಂಬುದು ಗೊತ್ತಾಗಬೇಕಾದರೆ ಹಾಲು ಮೊಸರಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲಾಡುತ್ತಿರುತ್ತದೆ. ಈ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತಿರುವುದರಿಂದಲೇ ಹಾಲು ಹಾಲಾಗಿ ಉಳಿದಿರುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನಲ್ಲಿ ಸಹಜವಾಗಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಆಮ್ಲ ಹೆಚ್ಚಿದಂತೆ ಹಾಲಿನ ಪಿಎಚ್ ಸುಮಾರು 6.6ರಿಂದ ಇಳಿಯುತ್ತಾ ಹೋಗುತ್ತದೆ. ಚೆನ್ನಾಗಿ ಕಾಯಿಸಿದ ಹಾಲಿನಲ್ಲಿ ಅದು 5.3ರ ಆಸುಪಾಸಿಗೆ ಬಂದಾಗ ಉಂಡೆಗಳು ಒಂದಕ್ಕೊಂದು ಅಂಟಿಕೊಳ್ಳಲು ತೊಡಗುತ್ತವೆ, 4.6ರ ಹೊತ್ತಿಗೆ ನಡುವಿನ ತಳ್ಳಾಟ ಪೂರ್ತಿ ನಿಂತು ನೀರನ್ನೂ ಕೊಬ್ಬನ್ನೂ ಒಳಗೆ ಹಿಡಿದಿಟ್ಟುಕೊಂಡ ಒಂದು ಬಲೆ ನೇಯ್ದುಕೊಳ್ಳುತ್ತವೆ. ನಾವು ಗಟ್ಟಿಮೊಸರು ಎನ್ನುವುದು ಈ ಬಲೆಯನ್ನು. ಆದ್ದರಿಂದ ಮೊಸರು ಬೇಗ ಆಗುವುದೋ ತಡವಾಗುವುದೋ ಎಂಬ ಪ್ರಶ್ನೆಗೆ ಎರಡು ಭಾಗಗಳಿವೆ: ಆಮ್ಲ ಎಷ್ಟು ಬೇಗ ಹುಟ್ಟುತ್ತದೆ ಮತ್ತು ಪಿಎಚ್ ಅಷ್ಟು ಕೆಳಗಿಳಿಯಲು ಎಷ್ಟು ಆಮ್ಲ ಬೇಕು. ಮಿಷ್ಟಿ ದೋಯ್‌ನಲ್ಲಿ ಈ ಎರಡೂ ನಮಗೆ ವಿರುದ್ಧವಾಗಿಯೇ ನಿಂತಿರುತ್ತವೆ.

ಮೊದಲನೆಯದು ಸಕ್ಕರೆಯ ಕೆಲಸ. ಉಪ್ಪಿನಕಾಯಿಗೆ ಉಪ್ಪು, ಮುರಬ್ಬಕ್ಕೆ ಸಕ್ಕರೆ ಹಾಕಿದರೆ ಅವು ಕೆಡದೆ ಉಳಿಯುವುದೇಕೆಂದು ನಮಗೆ ಗೊತ್ತು: ಉಪ್ಪೂ ಸಕ್ಕರೆಯೂ ನೀರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ, ಸೂಕ್ಷ್ಮಜೀವಿಗಳಿಗೆ ನೀರು ದಕ್ಕುವುದಿಲ್ಲ. ಮಿಷ್ಟಿ ದೋಯ್‌ನಲ್ಲಿ ಸಕ್ಕರೆ ಮುರಬ್ಬದಷ್ಟಿರುವುದಿಲ್ಲ, ಆದರೆ ತತ್ವ ಅದೇ. ಕೆಳಗೆ ಹೇಳಲಿರುವ ಅಳತೆಯಲ್ಲಿ ನೂರು ಗ್ರಾಂ ಸಿಹಿಹಾಲಿಗೆ ಸುಮಾರು 13 ಗ್ರಾಂ ಸಕ್ಕರೆ ಬೀಳುತ್ತದೆ. ಅಷ್ಟಕ್ಕೇ ಬ್ಯಾಕ್ಟೀರಿಯಾದ ಹೊರಗಿನ ದ್ರವದ ಸೆಳೆತ ಸಾದಾ ಹಾಲಿಗಿಂತ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ. ಜೀವಕೋಶದೊಳಗಿನ ನೀರು ಹೊರಕ್ಕೆ ಜಾರುತ್ತದೆ, ಅದನ್ನು ಸರಿದೂಗಿಸಿಕೊಳ್ಳುವವರೆಗೆ ಬ್ಯಾಕ್ಟೀರಿಯಾ ಹೆಚ್ಚುವುದೂ ಇಲ್ಲ, ಹೆಚ್ಚು ಆಮ್ಲ ಬಿಡುವುದೂ ಇಲ್ಲ. ಹೆಪ್ಪು ಹಾಕಿದ ಮೇಲೆ ಮೊದಲ ಎರಡು ಮೂರು ಗಂಟೆ ಏನೂ ಆಗುತ್ತಿಲ್ಲವೆಂದು ಕಾಣುವುದು ಇದೇ ಕಾರಣಕ್ಕೆ. ಅವು ಸತ್ತಿರುವುದಿಲ್ಲ, ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತಿರುತ್ತವೆ. ಇಷ್ಟು ಸಿಹಿ ಹಾಕಿದ್ದೇವಲ್ಲ, ಅವಕ್ಕೆ ಹೆಚ್ಚು ಆಹಾರ ಸಿಕ್ಕಿತಲ್ಲ ಎಂದು ಕೆಲವರು ಕೇಳುತ್ತಾರೆ. ಆದರೆ ಹೆಪ್ಪಿನ ಬ್ಯಾಕ್ಟೀರಿಯಾಗಳ ಮುಖ್ಯ ಆಹಾರ ಲ್ಯಾಕ್ಟೋಸ್, ಅದು ಹಾಲಿನಲ್ಲಿ ಮೊದಲೇ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಮೇಲಿನಿಂದ ಹಾಕಿದ ಸಕ್ಕರೆ ಅವುಗಳ ಪಾಲಿಗೆ ಊಟಕ್ಕಿಂತ ಹೊರೆಯೇ ಆಗುತ್ತದೆ.

ಎರಡನೆಯದು ಹಾಲನ್ನು ಬತ್ತಿಸುವುದರಿಂದ ಬರುವಂಥದ್ದು. ಹಾಲಿನ ಪ್ರೋಟೀನುಗಳೂ ಫಾಸ್ಫೇಟುಗಳೂ ಹುಟ್ಟಿದ ಆಮ್ಲವನ್ನು ಒಂದು ಮಟ್ಟದವರೆಗೆ ನುಂಗಿಕೊಳ್ಳುತ್ತವೆ, ಆ ತನಕ ಪಿಎಚ್ ನಿಧಾನವಾಗಿಯೇ ಇಳಿಯುತ್ತದೆ. ಹಾಲು ಬತ್ತಿದಂತೆ ಇವುಗಳ ಸಾಂದ್ರತೆ ಹೆಚ್ಚುವುದರಿಂದ ಅದೇ 4.6ಕ್ಕೆ ಇಳಿಯಲು ಸಾದಾ ಹಾಲಿಗಿಂತ ಹೆಚ್ಚು ಆಮ್ಲ ಬೇಕು. ಹೀಗೆ ಆಮ್ಲ ತಯಾರಿಸುವವರು ನಿಧಾನ, ತಯಾರಿಸಬೇಕಾದ ಮೊತ್ತವೋ ಹೆಚ್ಚು. ಬತ್ತಿಸುವುದನ್ನೇ ಬಿಡೋಣವೆಂದರೆ ಅದೂ ಆಗದು, ಏಕೆಂದರೆ ಕೊನೆಗೆ ಬಲೆ ದಟ್ಟವಾಗಿ ನೇಯ್ದುಕೊಳ್ಳುವುದು ಆ ಹೆಚ್ಚಿನ ಪ್ರೋಟೀನಿನಿಂದಲೇ. ತಡವಾಗುವುದಕ್ಕೂ ಗಟ್ಟಿಯಾಗುವುದಕ್ಕೂ ಇಲ್ಲಿ ಕಾರಣ ಒಂದೇ.

ಮೂರನೆಯದು ನಾನು ಬಹಳ ದಿನ ಗಮನಿಸದೇ ಇದ್ದ ಸಂಗತಿ, ಅದೇ ಮಣ್ಣಿನ ಕುಡಿಕೆ. ಬೇಸಿಗೆಯಲ್ಲಿ ಮಡಕೆಯ ನೀರು ತಂಪಾಗಿರುವುದೇಕೆಂದು ಎಲ್ಲರಿಗೂ ಗೊತ್ತು. ಗೋಡೆಯ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಮೊಸರಿನ ಕುಡಿಕೆಯೂ ಅದನ್ನೇ ಮಾಡುತ್ತದೆ. ಹಾಲಿನ ನೀರಿನಂಶವನ್ನು ಹೀರಿ ಮೊಸರನ್ನು ಗಟ್ಟಿ ಮಾಡುವ ಗುಣಕ್ಕಾಗಿ ಕುಡಿಕೆಯನ್ನು ಹೊಗಳುತ್ತೇವೆ, ಅದೇ ಗುಣ ತೆರೆದ ಗಾಳಿಯಲ್ಲಿ ಹಾಲನ್ನು ತಣ್ಣಗೂ ಮಾಡುತ್ತದೆ. ಸ್ಟೀಲ್ ಡಬ್ಬಿಯಲ್ಲಿಟ್ಟ ಹಾಲಿಗಿಂತ ಪಕ್ಕದ ಕುಡಿಕೆಯ ಹಾಲು ಬೇಗ ಆರುತ್ತದೆ.

ಬಂಗಾಳದ ಮಿಠಾಯಿ ಅಂಗಡಿಗಳವರು ಈ ಲೆಕ್ಕವನ್ನು ಕೈಯಲ್ಲೇ ಕಲಿತಿದ್ದಾರೆ. ಹಾಲು ತುಂಬಿದ ಕುಡಿಕೆಗಳನ್ನು ಸಣ್ಣಗೆ ಉರಿಯುವ ಕೆಂಡದ ಒಲೆಯ ಸುತ್ತ ಜೋಡಿಸಿ, ಮೇಲೆ ಬಿದಿರಿನ ದೊಡ್ಡ ಬುಟ್ಟಿ ಕವುಚಿ, ಗೋಣಿತಟ್ಟು ಹೊದಿಸಿ ರಾತ್ರಿಯಿಡೀ ಬಿಡುವ ಪದ್ಧತಿ ಇತ್ತು, ಕೆಲವೆಡೆ ಈಗಲೂ ಇದೆ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬಾಂಗ್ಲಾದೇಶದ ಬೊಗುರಾ ಮೊಸರಿಗೂ ಹೀಗೆ ಕೆಂಡದ ಕಾವು, ಬುಟ್ಟಿಯ ಮುಚ್ಚಳವೇ ಆಧಾರ. ಮುಚ್ಚಿದ ಬುಟ್ಟಿಯೊಳಗೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಕೆಂಡ ಕಾವನ್ನು ಉಳಿಸಿಕೊಡುತ್ತದೆ, ಹೊರಹೋಗಲಾಗದ ತೇವ ಅಲ್ಲಿನ ಗಾಳಿಯನ್ನು ತುಂಬಿಕೊಳ್ಳುವುದರಿಂದ ಕುಡಿಕೆಯ ಗೋಡೆಯಿಂದ ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ಕಂಬಳಿ ಹೊದಿಸುವುದು ಬಿಸಿ ಉಳಿಸಲು ಮಾತ್ರ ಎಂದು ನಾನು ತಿಳಿದಿದ್ದೆ, ತೇವ ಉಳಿಸುವುದೂ ಅಷ್ಟೇ ಮುಖ್ಯವೆಂದು ಆಮೇಲೆ ಅರ್ಥವಾಯಿತು.

ಹೆಚ್ಚು ಹೊತ್ತು ಬೇಕು ಸರಿ, ಹಾಗಾದರೆ ತಣ್ಣಗಿನ ಜಾಗದಲ್ಲೇ ಒಂದು ಹಗಲು ಒಂದು ರಾತ್ರಿ ಬಿಟ್ಟರಾಗದೇ ಎಂದು ಕೇಳಬಹುದು. ಆಗದು. ಸಕ್ಕರೆ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ತಡೆದಷ್ಟು ಯೀಸ್ಟುಗಳನ್ನು ತಡೆಯುವುದಿಲ್ಲ, ಯೀಸ್ಟಿಗೆ ಸಕ್ಕರೆ ನಿಜವಾಗಿಯೂ ಊಟ, 25ರಿಂದ 30 ಡಿಗ್ರಿ ಅದಕ್ಕೆ ಬಹಳ ಹಿತ. ಆ ಕಾವಿನಲ್ಲಿ ಸಿಹಿಹಾಲನ್ನು ಬಹಳ ಹೊತ್ತು ಬಿಟ್ಟರೆ ಮೊಸರಿನ ಮೈಯಲ್ಲಿ ಸಣ್ಣ ಗುಳ್ಳೆಗಳ ತೂತುಗಳೂ, ಮೂಗಿಗೆ ಹುದುಗಿದ ಹಣ್ಣಿನ ವಾಸನೆಯೂ ಕಾಣಿಸಿಕೊಳ್ಳುತ್ತವೆ. ಅಂಥದ್ದನ್ನು ಚೆಲ್ಲುವುದೇ ಸರಿ. ಕಾವು 38ರಿಂದ 42 ಡಿಗ್ರಿಯ ನಡುವೆ ಇದ್ದಾಗ ಹೆಪ್ಪಿನ ಬ್ಯಾಕ್ಟೀರಿಯಾಗಳು, ಅದರಲ್ಲೂ ಬಿಸಿ ಇಷ್ಟಪಡುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನಂಥವು, ಸಕ್ಕರೆಯ ಹೊರೆ ಹೊತ್ತೂ ಮುಂದಿರುತ್ತವೆ. ಹಾಗೆಂದು 45 ದಾಟಿಸಿದರೆ ಬಲೆ ಅವಸರದಲ್ಲಿ ಒರಟಾಗಿ ನೇಯ್ದುಕೊಂಡು ಹಾಲೊಡಕು ಬಿಡುತ್ತದೆ, 50ರ ಮೇಲೆ ಹೆಪ್ಪೇ ಸೊರಗುತ್ತದೆ.

ಕಾವು ಎಷ್ಟಿದೆ ಎನ್ನುವಷ್ಟೇ ಅದು ಒಂದೇ ಸಮನಾಗಿರುವುದೂ ಮುಖ್ಯ. ಸಾದಾ ಮೊಸರು ಐದಾರು ಗಂಟೆಯಲ್ಲಿ ಆಗಿಬಿಡುವುದರಿಂದ ಪಾತ್ರೆಯಲ್ಲಿದ್ದ ಮೊದಲ ಬಿಸಿಯೇ ಅದಕ್ಕೆ ಬಹುಮಟ್ಟಿಗೆ ಸಾಲುತ್ತದೆ. ಮಿಷ್ಟಿ ದೋಯ್‌ಗೆ ಎಂಟರಿಂದ ಹನ್ನೆರಡು ಗಂಟೆ ಬೇಕು. ಅದರಲ್ಲಿ ಹೆಪ್ಪು ಒಗ್ಗಿಕೊಂಡು ಚುರುಕಾಗುವ ಹೊತ್ತಿಗೆ ಸರಿಯಾಗಿ ಮೊದಲ ಬಿಸಿ ಮುಗಿದುಹೋಗಿರುತ್ತದೆ. ನನ್ನ ಡಿಸೆಂಬರಿನ ಕುಡಿಕೆಗಳಿಗೆ ಆದದ್ದು ಇದೇ.

ಈಗ ನಾನು ಮಾಡುವ ಕ್ರಮವನ್ನು ಅಳತೆ ಸಮೇತ ಹೇಳುತ್ತೇನೆ. 6 ಪ್ರತಿಶತ ಕೊಬ್ಬಿನ ಗಟ್ಟಿಹಾಲು ಒಂದೂಕಾಲು ಲೀಟರ್, ಸಕ್ಕರೆ 140 ಗ್ರಾಂ, ಹಿಂದಿನ ದಿನದ ಹುಳಿಯಾಗದ ಮೊಸರು ಎರಡು ದೊಡ್ಡ ಚಮಚ. ಹಾಲನ್ನು ಅಗಲವಾದ ದಪ್ಪತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ, ಕೆನೆಗಟ್ಟದಂತೆ ಆಗಾಗ ಕೈಯಾಡಿಸುತ್ತಾ, ಸುಮಾರು 900 ಮಿಲಿಲೀಟರ್ ಆಗುವವರೆಗೆ ಬತ್ತಿಸಬೇಕು. ಇದಕ್ಕೆ ನನ್ನ ಒಲೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇಷ್ಟು ಹೊತ್ತು ಕಾಯುವುದರಿಂದ ಹಾಲಿನ ಇನ್ನೊಂದು ಬಗೆಯ ಪ್ರೋಟೀನು, ಅಂದರೆ ಹಾಲೊಡಕಿನದು, ತನ್ನ ಮಡಿಕೆ ಬಿಚ್ಚಿ ಕೇಸಿನ್‌ಗೆ ಅಂಟಿಕೊಳ್ಳುತ್ತದೆ. ಇಲ್ಲವಾದರೆ ಅದು ನೀರಿನ ಜೊತೆ ಹೊರಟುಹೋಗುವಂಥದ್ದು, ಈಗ ಬಲೆಯ ಭಾಗವಾಗುತ್ತದೆ. ಬಣ್ಣವೂ ಇಲ್ಲಿಂದಲೇ ತುಸು ಶುರುವಾಗುತ್ತದೆ. ನವದ್ವೀಪದ ಕೆಂಪು ಮೊಸರಿಗೆ ಗಂಟೆಗಟ್ಟಲೆ ಕಾಯಿಸಿದ ಹಾಲಿನಿಂದಲೇ ಆ ಬಣ್ಣ ಬರುತ್ತದೆ. ಮನೆಯಲ್ಲಿ ಅಷ್ಟು ತಾಳ್ಮೆ ಇಲ್ಲದವರಿಗೆ ಸಕ್ಕರೆ ಕಂದಿಸುವುದು ಸುಲಭದ ದಾರಿ.

ಹಾಲು ಬತ್ತುತ್ತಿರುವಾಗ 60 ಗ್ರಾಂ ಸಕ್ಕರೆಯನ್ನು ಒಣ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ನೀರು ಬೇಡ, ಚಮಚವೂ ಬೇಡ, ಬಾಣಲೆಯನ್ನೇ ಆಗಾಗ ಓರೆಮಾಡಿದರೆ ಸಾಕು. ಮೊದಲು ಅಂಚಿನ ಸಕ್ಕರೆ ಕರಗಿ ಜೇನಿನ ಬಣ್ಣದ ಗೆರೆಯಾಗುತ್ತದೆ, ನಡುವಿನ ಬಿಳಿ ಗುಡ್ಡೆ ನಿಧಾನವಾಗಿ ಅದರೊಳಗೆ ಕುಸಿಯುತ್ತದೆ, ಆಮೇಲೆ ಎಲ್ಲವೂ ಹೊಂಬಣ್ಣದಿಂದ ಕೆಂಪುಗಂದಿಗೆ ತಿರುಗಿ ಸಣ್ಣ ನೊರೆ ಏಳುತ್ತದೆ. ಈ ಕೊನೆಯ ಹಂತ ಒಂದು ನಿಮಿಷವೂ ಇರುವುದಿಲ್ಲ. ನೊರೆಯ ಅಡಿಯಲ್ಲಿ ತೆಳು ಡಿಕಾಕ್ಷನ್‌ನಂಥ ಬಣ್ಣ ಕಂಡ ಕೂಡಲೇ ಉರಿ ಆರಿಸಬೇಕು, ಏಕೆಂದರೆ ಬಾಣಲೆಯ ಬಿಸಿ ಇನ್ನೂ ಒಂದು ಮೆಟ್ಟಿಲು ಮುಂದಕ್ಕೆ ತಳ್ಳುತ್ತದೆ. ಹೊಗೆ ಬಂದು ಮೂಗಿಗೆ ಕಟುವಾಸನೆ ಹೊಡೆದರೆ ಕಹಿಯಾಯಿತೆಂದೇ ಅರ್ಥ, ಅದನ್ನು ಹಾಲಿಗೆ ಹಾಕಿ ಸರಿಪಡಿಸಲು ಬರುವುದಿಲ್ಲ.

ಕಂದಿದ ಸಕ್ಕರೆಗೆ ಕಾಲು ಲೋಟ ಬಿಸಿನೀರನ್ನು ದೂರದಿಂದ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಅದು ಸಿಡಿಯುತ್ತದೆ, 160 ಡಿಗ್ರಿಗೂ ಮೇಲಿನ ಬಿಸಿಯಲ್ಲಿರುವ ಸಕ್ಕರೆ ಕೈಗೆ ಅಂಟಿದರೆ ಎಣ್ಣೆಗಿಂತ ಕೆಟ್ಟದಾಗಿ ಸುಡುತ್ತದೆ. ಗಟ್ಟಿಯಾಗಿ ಗಾಜಿನಂತಾದ ತುಂಡುಗಳು ಮತ್ತೆ ಸಣ್ಣ ಉರಿಯಲ್ಲಿ ಕರಗುತ್ತವೆ. ನೇರವಾಗಿ ಕುದಿಯುವ ಹಾಲಿಗೆ ಸುರಿಯುವವರೂ ಇದ್ದಾರೆ, ಆದರೆ ಕಂದಿದ ಸಕ್ಕರೆ ಸ್ವಲ್ಪ ಆಮ್ಲೀಯ. ಹಾಲು ಹಳತಾಗಿದ್ದರೆ ಆ ಆಮ್ಲವೂ ಬಿಸಿಯೂ ಸೇರಿ ಹಾಲು ಒಡೆದುಹೋಗುತ್ತದೆ. ಪಾಕವಾಗಿಸಿಕೊಂಡು, ಒಲೆಯಿಂದ ಇಳಿಸಿದ ಹಾಲಿಗೆ ಬೆರೆಸಿದರೆ ಆ ಭಯ ಕಡಿಮೆ. ಉಳಿದ 80 ಗ್ರಾಂ ಸಕ್ಕರೆಯನ್ನು ಸುಮ್ಮನೆ ಹಾಲಿಗೆ ಹಾಕಿ ಕರಗಿಸಬೇಕು. ಎಲ್ಲವನ್ನೂ ಕಂದಿಸಬಾರದು, ಕಂದಿದಷ್ಟೂ ಸಕ್ಕರೆ ತನ್ನ ಸಿಹಿಯನ್ನು ಪರಿಮಳಕ್ಕೂ ಕಹಿಗೂ ಬಿಟ್ಟುಕೊಡುತ್ತದೆ.

ಬೆರೆತ ಹಾಲನ್ನು ಸೋಸಿ 43 ಡಿಗ್ರಿಗೆ ಆರಿಸಿ. ಥರ್ಮಾಮೀಟರ್ ಇಲ್ಲದವರು ಕಿರುಬೆರಳನ್ನು ಹತ್ತು ಎಣಿಸುವವರೆಗೆ ಅದ್ದಿ ನೋಡಬಹುದು: ಚೆನ್ನಾಗಿ ಬಿಸಿ ಎನ್ನಿಸಬೇಕು, ಬೆರಳು ತೆಗೆಯಬೇಕೆನ್ನಿಸಬಾರದು. ದಿನದ ಮೊಸರಿಗೆ ನಾವು ನೋಡುವ ಉಗುರುಬೆಚ್ಚಗಿಗಿಂತ ಇದು ಒಂದು ಮೆಟ್ಟಿಲು ಮೇಲೆಯೇ. ಹೆಪ್ಪನ್ನು ಮೊದಲು ಒಂದು ಸೌಟು ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಆಮೇಲೆ ಎಲ್ಲದಕ್ಕೂ ಬೆರೆಸಿ. ದಿನದ ಮೊಸರಿಗಿಂತ ಹೆಪ್ಪು ತುಸು ಹೆಚ್ಚೇ ಹಾಕಿದ್ದೇವೆ, ಆದರೆ ಇನ್ನೂ ಹೆಚ್ಚಿಸಿ ಸಮಯ ಉಳಿಸಲು ಹೋಗಬಾರದು. ಹೆಪ್ಪಿನ ಜೊತೆ ಅದರಲ್ಲಿ ಆಗಲೇ ಇರುವ ಹುಳಿಯೂ ಬರುತ್ತದೆ, ಬಿಸಿಹಾಲಿನಲ್ಲಿ ಅದು ಅಲ್ಲಲ್ಲಿ ಗಂಟುಕಟ್ಟಿ ತರಿ ಮಾಡುತ್ತದೆ.

ಕುಡಿಕೆಗಳನ್ನು ತೊಳೆದು ಒಣಗಿಸಿ, ಹಾಲು ಸುರಿಯುವ ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣಗಿನ ಕುಡಿಕೆಗೆ ಸುರಿದಾಗ 43ರ ಹಾಲು ಐದು ನಿಮಿಷದಲ್ಲಿ 37ಕ್ಕೆ ಇಳಿದದ್ದನ್ನು ನಾನೇ ಅಳೆದು ನೋಡಿದ್ದೇನೆ. ಅವನ್ನು ಥರ್ಮಕೋಲಿನ ಪೆಟ್ಟಿಗೆಯೊಳಗೆ ಜೋಡಿಸಿ, ಮೂಲೆಗಳಲ್ಲಿ ಬಿಸಿನೀರು ತುಂಬಿದ ಎರಡು ಸ್ಟೀಲ್ ಬಾಟಲಿ ನಿಲ್ಲಿಸಿ, ಕುಡಿಕೆಗಳ ಮೇಲೆ ಒಂದು ಹತ್ತಿಬಟ್ಟೆ ಹಾಸಿ ಮುಚ್ಚಳ ಹಾಕುತ್ತೇನೆ. ಬಟ್ಟೆ ಏಕೆಂದರೆ ಒಳಗೆ ತುಂಬಿಕೊಂಡ ತೇವ ಮುಚ್ಚಳದಲ್ಲಿ ಹನಿಗಟ್ಟಿ ಮೊಸರಿನ ಮೇಲೆ ತೊಟ್ಟಿಕ್ಕುತ್ತದೆ, ಬಿದ್ದಲ್ಲೆಲ್ಲ ಗುಳಿ ಮಾಡುತ್ತದೆ. ರಾತ್ರಿ ಒಂಬತ್ತಕ್ಕೆ ಇಟ್ಟು, ಒಂದು ಗಂಟೆಯ ಹೊತ್ತಿಗೆ ಎದ್ದು ಬಾಟಲಿಯ ನೀರು ಬದಲಾಯಿಸುತ್ತೇನೆ. ಆಗ ಪೆಟ್ಟಿಗೆಯೊಳಗೆ 38 ಡಿಗ್ರಿ ಇರುತ್ತದೆ, ಕುಡಿಕೆಗಳಲ್ಲಿ ಇನ್ನೂ ಹಾಲೇ. ಮೊದಲ ಸಲ ಅದನ್ನು ಕಂಡು ಕೈ ಹೆಪ್ಪಿನ ಡಬ್ಬಿಯ ಕಡೆಗೆ ಹೋಗಿತ್ತು, ಬಾಟಲಿ ಮಾತ್ರ ಬದಲಿಸಿ ಮತ್ತೆ ಮಲಗಿದ್ದು ಒಳ್ಳೆಯದಾಯಿತು. ಬೆಳಗ್ಗೆ ಏಳಕ್ಕೆ, ಅಂದರೆ ಹತ್ತು ಗಂಟೆಯ ನಂತರ, ಮೊಸರು ಕಟ್ಟಿರುತ್ತದೆ. ಓವನ್ನಿನ ದೀಪ ಹಾಕಿ ಅದರೊಳಗೆ ಇಡುವವರು ಮೊದಲು ಬರೀ ನೀರಿಟ್ಟು ಕಾವು ಅಳೆದು ನೋಡುವುದು ಒಳ್ಳೆಯದು. ಕೆಲವು ಓವನ್ನುಗಳಲ್ಲಿ ದೀಪವೊಂದೇ ಬೇಕಾದ್ದಕ್ಕಿಂತ ಹೆಚ್ಚು ಬಿಸಿ ಮಾಡುತ್ತದೆ.

ಆಗಿದೆಯೇ ಎಂದು ನೋಡಲು ಬೆರಳಾಗಲಿ ಚಮಚವಾಗಲಿ ಹಾಕಬಾರದು, ಒಮ್ಮೆ ಹರಿದ ಬಲೆ ಮತ್ತೆ ಹಾಗೆಯೇ ಕೂಡುವುದಿಲ್ಲ. ಕುಡಿಕೆಯನ್ನು ಇದ್ದಲ್ಲೇ ತುಸು ಓರೆಮಾಡಿ. ಮೇಲ್ಮೈ ಹಾಲಿನಂತೆ ಹರಿದರೆ ಇನ್ನೂ ಎರಡು ಗಂಟೆ ಬೇಕು. ಅಂಚು ಹಿಡಿದುಕೊಂಡು ನಡು ಮಾತ್ರ ಅಲೆಯಾಡಿದರೆ ಒಂದು ಗಂಟೆ. ಇಡೀ ಮೊಸರು ಒಂದೇ ತುಂಡಾಗಿ ಅದುರಿ ನಿಂತರೆ ಆಯಿತು. ಇದು ಇನ್ನೂ ಮೃದುವಾಗಿಯೇ ಇರುತ್ತದೆ, ಇನ್ನಷ್ಟು ಗಟ್ಟಿಯಾಗಲೆಂದು ಬೆಚ್ಚಗೇ ಬಿಡುವುದು ಬಹಳ ಜನ ಮಾಡುವ ತಪ್ಪು. ಇಲ್ಲಿಂದ ಮುಂದೆ ಕಾವು ಕೊಡುವುದು ಹುಳಿಯನ್ನೂ ನೀರನ್ನೂ ಮಾತ್ರ. ಉಳಿದ ಗಟ್ಟಿತನ ಬರುವುದು ತಂಪಿನಲ್ಲಿ: ಕೊಬ್ಬು ಗಟ್ಟಿಯಾಗುತ್ತದೆ, ಬಲೆಯ ಎಳೆಗಳು ಇನ್ನಷ್ಟು ಬಿಗಿಯಾಗುತ್ತವೆ, ಕುಡಿಕೆ ಇನ್ನೊಂದಿಷ್ಟು ನೀರು ಹೀರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆರಿಸಿ, ಆಮೇಲೆ ಕದಲಿಸದೆ ಆರೇಳು ಗಂಟೆ ಫ್ರಿಜ್ಜಿನಲ್ಲಿಡಬೇಕು.

ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಮೊಸರೇ ಹೇಳುತ್ತದೆ. ತಳ ಕಟ್ಟಿ ಮೇಲ್ಭಾಗ ನೀರಾಗಿದ್ದರೆ ಕಾವು ಕೆಳಗಿನಿಂದ ಮಾತ್ರ ಬಂದಿದೆ. ಮೇಲೆ ಹಾಲೊಡಕು ನಿಂತು ಬಾಯಿಗೆ ತರಿ ಸಿಕ್ಕರೆ ಕಾವು ಹೆಚ್ಚಾಯಿತು, ಇಲ್ಲವೇ ಹೊತ್ತು ಮೀರಿತು. ಚಮಚ ಎತ್ತಿದರೆ ಲೋಳೆಯಂತೆ ಎಳೆ ಬಂದರೆ ಕಾವು ಕಡಿಮೆಯಿದ್ದು ಹೆಪ್ಪಿನಲ್ಲಿದ್ದ ಲೋಳೆ ಬಿಡುವ ಜಾತಿಗಳು ಮೇಲುಗೈ ಪಡೆದಿವೆ, ಮುಂದಿನ ಸಲ ಹೆಪ್ಪನ್ನೇ ಬದಲಿಸಬೇಕು. ಹತ್ತು ಗಂಟೆ ಸರಿಯಾದ ಕಾವು ಸಿಕ್ಕೂ ಹಾಲು ಹಾಲಾಗಿಯೇ ಇದ್ದು, ಮೂಸಿದರೆ ಹುಳಿಯ ಸುಳಿವೇ ಇಲ್ಲದಿದ್ದರೆ ಮಾತ್ರ ಹೆಪ್ಪು ಸತ್ತಿದೆ ಎನ್ನಬಹುದು. ಬಹುಶಃ ಹಾಲು ಬಹಳ ಬಿಸಿ ಇದ್ದಾಗ ಹಾಕಿರುತ್ತೀರಿ.

ಚಳಿಗಾಲದಲ್ಲಿ ಬಂಗಾಳದವರು ಸಕ್ಕರೆಯ ಬದಲು ಖರ್ಜೂರದ ಮರದ ಹೊಸ ಬೆಲ್ಲ ಹಾಕಿ ಮಾಡುತ್ತಾರೆ. ನಮ್ಮ ಜೋನಿಬೆಲ್ಲದಲ್ಲಿ ಅದನ್ನು ಮಾಡಿ ನೋಡಬೇಕೆನ್ನುವವರು ಬೆಲ್ಲದ ಆಮ್ಲೀಯತೆ ಕಂದಿದ ಸಕ್ಕರೆಗಿಂತಲೂ ಹೆಚ್ಚಿರಬಹುದೆಂಬುದನ್ನು ನೆನಪಿಟ್ಟುಕೊಂಡು, ಹಾಲು 60 ಡಿಗ್ರಿಗೆ ಇಳಿದ ಮೇಲಷ್ಟೇ ಸೋಸಿದ ಬೆಲ್ಲವನ್ನು ಬೆರೆಸಬೇಕು. ಪೆಟ್ಟಿಗೆ, ಬಾಟಲಿ, ನಡುರಾತ್ರಿಯ ಎಚ್ಚರ, ಇವು ಮೂರೂ ಅದಕ್ಕೂ ಬೇಕು.